ಹಸಿರು ಕ್ಯಾಂಡಲ್ ಕಂಡ ಮಾತ್ರಕ್ಕೆ ಬೆಲೆ ಏರಿತೇ?

ಶಿರಸಿ, ಸಾಗರದ ಕಡೆ ಅಡಿಕೆ ಬೆಳೆಯುವವರ ಮನೆಗೆ ಪತ್ರಿಕೆ ಬಂದರೆ ಮೊದಲು ಕಣ್ಣು ಹೋಗುವುದು ಧಾರಣೆಯ ಅಂಕಣಕ್ಕೆ. ಚಾಲಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ರಾಶಿಗೆ ಎಷ್ಟು ಎಂದು ಒಂದೇ ನೋಟದಲ್ಲಿ ಓದಿಬಿಡುತ್ತಾರೆ. ಮೊಬೈಲಿನ ಷೇರು ಆ್ಯಪಿನಲ್ಲಿ ಕಾಣುವ ಕ್ಯಾಂಡಲ್ ಕೂಡ ಅಂಥದ್ದೇ ಧಾರಣೆ. ದಿನದ ಕನಿಷ್ಠ, ಗರಿಷ್ಠಗಳ ಜೊತೆಗೆ ವ್ಯಾಪಾರ ಯಾವ ಬೆಲೆಗೆ ಶುರುವಾಯಿತು, ಯಾವ ಬೆಲೆಗೆ ಮುಗಿಯಿತು ಎಂಬ ಇನ್ನೆರಡು ಅಂಕಿಗಳನ್ನೂ ಅದು ಹೇಳುತ್ತದೆ. ದಪ್ಪ ಭಾಗ ಶುರು ಮತ್ತು ಮುಕ್ತಾಯದ ನಡುವಿನ ಅಂತರ. ಮೇಲೆ ಕೆಳಗೆ ಚಾಚಿದ ತೆಳು ಬತ್ತಿಯ ತುದಿಗಳು ಗರಿಷ್ಠ, ಕನಿಷ್ಠ.

ಓದುವ ಮುನ್ನ, ನೋಡುತ್ತಿರುವುದು ದಿನದ ಕ್ಯಾಂಡಲ್ ಹೌದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹೊಸಬರು ಎಡವುವುದು ಇಲ್ಲೇ. ಎಷ್ಟೋ ಆ್ಯಪ್‌ಗಳಲ್ಲಿ ಮೊದಲು ಕಾಣುವುದು ಬರೀ ಗೆರೆ. ಅದರ ಕೆಳಗೆ 1D, 1W, 1M ಎಂಬ ಗುಂಡಿಗಳಿರುತ್ತವೆ. ಆ 1D ಎಂದರೆ ಬಹಳಷ್ಟು ಕಡೆ ‘ಇವತ್ತು ಒಂದು ದಿನದ ಚಿತ್ರ ತೋರಿಸು’ ಎಂದರ್ಥ, ‘ದಿನಕ್ಕೊಂದು ಕ್ಯಾಂಡಲ್ ತೋರಿಸು’ ಎಂದಲ್ಲ. ಚಾರ್ಟನ್ನು ದೊಡ್ಡದು ಮಾಡಿಕೊಂಡು, ಬಗೆ ಕ್ಯಾಂಡಲ್ ಎಂದೂ ಅವಧಿ ಒಂದು ದಿನ ಎಂದೂ ಆರಿಸಿಕೊಳ್ಳಬೇಕು. ಆಮೇಲೆ ಅಕ್ಕಪಕ್ಕದ ಎರಡು ಕ್ಯಾಂಡಲ್‌ಗಳ ಮೇಲೆ ಬೆರಳಿಟ್ಟು ನೋಡಿ. ತಾರೀಕು ಬದಲಾದರೆ ಸರಿ. ತಾರೀಕು ಅದೇ ಇದ್ದು ಗಂಟೆ, ನಿಮಿಷ ಬದಲಾಗುತ್ತಿದ್ದರೆ ನೀವು ನೋಡುತ್ತಿರುವುದು ಒಂದೇ ದಿನದ ಚೂರುಗಳನ್ನು.

ಈಗ ಬಣ್ಣದ ವಿಚಾರ. ಲೆಕ್ಕಕ್ಕೆ ಒಂದು ಷೇರು ಹಿಡಿಯೋಣ. ಸೋಮವಾರ ಅದು 212 ರೂಪಾಯಿಗೆ ಮುಗಿದಿತ್ತು. ರಾತ್ರಿ ಏನೋ ಕೆಟ್ಟ ಸುದ್ದಿ ಬಂತು. ಮಂಗಳವಾರ ಬೆಳಿಗ್ಗೆ 9:15ಕ್ಕೆ ವ್ಯಾಪಾರ ತೆರೆದದ್ದೇ 204ಕ್ಕೆ. ಅಲ್ಲಿಂದ 202ಕ್ಕೆ ಇಳಿದು, 209ರವರೆಗೆ ಹತ್ತಿ, ಕೊನೆಗೆ 208ಕ್ಕೆ ನಿಂತಿತು. ಮಂಗಳವಾರದ ಕ್ಯಾಂಡಲ್ ಹಸಿರು, ಏಕೆಂದರೆ 204ಕ್ಕೆ ಶುರುವಾದದ್ದು 208ಕ್ಕೆ ಮುಗಿದಿದೆ. ಆದರೆ ಅದೇ ತೆರೆಯ ಮೇಲ್ಭಾಗದಲ್ಲಿ ಕೆಂಪು ಅಕ್ಷರದಲ್ಲಿ ಸುಮಾರು ಶೇ. 1.9 ಇಳಿಕೆ ಎಂದಿರುತ್ತದೆ. ಆ್ಯಪ್ ಕೆಟ್ಟಿದೆಯೇನೋ ಎಂದು ಗಾಬರಿಯಾಗುವವರಿದ್ದಾರೆ. ಎರಡೂ ನಿಜವೇ. ಕ್ಯಾಂಡಲ್ ಆ ದಿನದ ಬೆಳಿಗ್ಗೆಯನ್ನೂ ಸಂಜೆಯನ್ನೂ ಹೋಲಿಸುತ್ತದೆ. ಶೇಕಡಾವಾರು ಅಂಕಿ ನಿನ್ನೆಯ ಮುಕ್ತಾಯವನ್ನೂ ಇವತ್ತನ್ನೂ ಹೋಲಿಸುತ್ತದೆ. ಸೋಮವಾರ ಕೊಂಡವನು ಮಂಗಳವಾರದ ಹಸಿರು ನೋಡಿ ಹಿಗ್ಗಬೇಕಿಲ್ಲ, ಅವನಿಗೆ ಷೇರಿಗೆ ನಾಲ್ಕು ರೂಪಾಯಿ ನಷ್ಟವೇ. ಈ ಏರುಪೇರು ಕಾಣಬೇಕೆಂದರೆ ಹಿಂದಿನ ದಿನದ ಕ್ಯಾಂಡಲ್ ಎಲ್ಲಿ ಮುಗಿದಿತ್ತು, ಇವತ್ತಿನದು ಎಲ್ಲಿಂದ ಶುರುವಾಯಿತು ಎಂದು ನೋಡಬೇಕು. ನಡುವೆ ಖಾಲಿ ಜಾಗ ಬಿದ್ದಿದ್ದರೆ ಆ ಬೆಲೆಗಳಲ್ಲಿ ಯಾರೂ ವ್ಯಾಪಾರ ಮಾಡಿಲ್ಲ ಎಂದರ್ಥ.

ಇನ್ನೊಂದು ಮಾತು. ಹಗಲು ಹನ್ನೊಂದು ಗಂಟೆಗೆ ನೋಡಿದ ಇವತ್ತಿನ ಕ್ಯಾಂಡಲ್ ಇನ್ನೂ ಹಸಿ ಗೋಡೆ. ಅದರ ಬಣ್ಣ ವ್ಯಾಪಾರ ಮುಗಿಯುವವರೆಗೆ ಎಷ್ಟು ಸಲ ಬೇಕಾದರೂ ಬದಲಾಗಬಹುದು. ಯೂಟ್ಯೂಬಿನಲ್ಲಿ ಹೆಸರು ಹೆಸರಿಟ್ಟು ಕಲಿಸುವ ಕ್ಯಾಂಡಲ್ ಆಕಾರಗಳೆಲ್ಲ ಮುಗಿದ ಕ್ಯಾಂಡಲ್‌ಗೆ ಸಂಬಂಧಿಸಿದವು. (ಮುಗಿದ ಮೇಲೂ ಅವು ನಾಳೆಯ ಭರವಸೆ ಕೊಡುವುದಿಲ್ಲ, ಅದು ಬೇರೆ ಮಾತು.)

ಕೆಲವು ಪುಟ್ಟ ಕಂಪನಿಗಳ ಚಾರ್ಟಿನಲ್ಲಿ ಕ್ಯಾಂಡಲ್ ಬದಲು ಅಡ್ಡಗೀಟುಗಳು ಮೆಟ್ಟಿಲಿನಂತೆ ಮೇಲೇರಿರುತ್ತವೆ. ಆ ಮೆಟ್ಟಿಲುಗಳು ಒಂದೇ ಪ್ರಮಾಣದಲ್ಲಿ, ಶೇ. 5ರಂತೆಯೋ ಶೇ. 2ರಂತೆಯೋ ಏರಿದ್ದರೆ ಷೇರು ದಿನಾ ಸರ್ಕ್ಯೂಟ್ ಮಿತಿ ಮುಟ್ಟಿ ನಿಂತಿದೆ: ಕೊಳ್ಳುವವರ ಸಾಲು ಉದ್ದ, ಮಾರುವವರು ಇಲ್ಲ. ದಿಕ್ಕು ತಿರುಗಿದ ದಿನ ಮಾರುವವರ ಸಾಲು ಹಾಗೇ ಉದ್ದವಾಗುತ್ತದೆ, ಆ ಸಾಲಿನಲ್ಲಿ ನೀವೂ ಇರುತ್ತೀರಿ. ಮೊದಲ ಆರ್ಡರಿಗೆ ಇಂಥದ್ದು ಬೇಡ.

ಮತ್ತೆ ನಮ್ಮ 208ರ ಷೇರಿಗೆ ಬರೋಣ. ಮಂಗಳವಾರ ರಾತ್ರಿ ಊಟವಾದ ಮೇಲೆ ಚಾರ್ಟ್ ನೋಡಿ ಹತ್ತು ಷೇರಿಗೆ ಆರ್ಡರ್ ಹಾಕಿದಿರಿ ಎನ್ನಿ. ಅದು ವಿನಿಮಯ ಕೇಂದ್ರಕ್ಕೆ ಹೋಗುವುದು ಮರುದಿನ ಬೆಳಿಗ್ಗೆಯೇ. ‘ಮಾರ್ಕೆಟ್’ ಎಂದು ಆರಿಸಿದ್ದರೆ ಬೆಳಿಗ್ಗೆ ಸಿಕ್ಕ ಬೆಲೆಗೆ ಕೊಂಡಂತೆ. 214ಕ್ಕೆ ತೆರೆದರೆ ಹತ್ತು ಷೇರಿಗೆ 60 ರೂಪಾಯಿ ಹೆಚ್ಚು. ‘ಲಿಮಿಟ್’ ಎಂದು ಆರಿಸಿ 209 ಬರೆದರೆ ಅದಕ್ಕಿಂತ ಹೆಚ್ಚು ತೆರಬೇಕಿಲ್ಲ. 206ಕ್ಕೆ ತೆರೆದರೆ ಆ ಕಡಿಮೆ ಬೆಲೆಗೇ ಸಿಗುವ ಸಾಧ್ಯತೆಯೂ ಉಂಟು. ಮಂಗಳವಾರದ ಬತ್ತಿ 202ರಿಂದ 209ರವರೆಗೆ ಚಾಚಿದೆ, ಅಂದರೆ ಒಂದೇ ದಿನದಲ್ಲಿ ಏಳು ರೂಪಾಯಿ ಓಲಾಟ. ಹಾಗಿರುವಾಗ 209ಕ್ಕೆ ಕೊಂಡು 207ಕ್ಕೆ ಸ್ಟಾಪ್‌ಲಾಸ್ ಇಟ್ಟರೆ ಷೇರಿನ ಮಾಮೂಲಿ ಉಸಿರಾಟಕ್ಕೇ ಅದು ಮಾರಿಹೋಗುತ್ತದೆ.

ಇಡೀ ದಿನ ಬೆಲೆ 209ಕ್ಕೆ ಇಳಿಯದಿದ್ದರೆ ಆರ್ಡರ್ ಸಂಜೆ ತಾನಾಗಿ ರದ್ದಾಗಿ, ತಡೆಹಿಡಿದ ದುಡ್ಡು ಖಾತೆಯಲ್ಲಿ ಬಿಡುಗಡೆಯಾಗುತ್ತದೆ. ಆಗ ಆ ದಿನದ ಮುಗಿದ ಕ್ಯಾಂಡಲ್ಲನ್ನು ನೋಡಿ ಬೇಕಿದ್ದರೆ ಹೊಸ ಬೆಲೆ ಬರೆಯಬಹುದು.