2100ರಲ್ಲಿ ಫೆಬ್ರವರಿ 29 ಇರುವುದಿಲ್ಲ

1904ರಿಂದ ಈಚೆಗೆ ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿ 29 ತಪ್ಪದೆ ಬಂದಿದೆ. 2096ರವರೆಗೂ ಹಾಗೆಯೇ ಬರುತ್ತದೆ. ಇಸವಿಯನ್ನು ನಾಲ್ಕರಿಂದ ಭಾಗಿಸಿ ಶೇಷ ಉಳಿಯದಿದ್ದರೆ ಅದು ಅಧಿಕ ವರ್ಷ ಎಂದು ಶಾಲೆಯಲ್ಲಿ ಕಲಿತ ಲೆಕ್ಕ ಇಂದು ಬದುಕಿರುವ ಯಾರಿಗೂ ಕೈಕೊಟ್ಟಿಲ್ಲ. 2100ರಲ್ಲಿ ಅದು ಕೈಕೊಡುತ್ತದೆ. ನಾಲ್ಕರಿಂದ ಸರಿಯಾಗಿ ಭಾಗವಾಗುವ ಆ ವರ್ಷ ಫೆಬ್ರವರಿ 28ರ ಮರುದಿನವೇ ಮಾರ್ಚ್ 1.

ಇದರ ಮೂಲ ಇರುವುದು ವರ್ಷದ ಉದ್ದದಲ್ಲಿ. ಋತುಗಳು ಒಂದು ಸುತ್ತು ಮುಗಿಸಲು 365 ದಿನ, 5 ಗಂಟೆ, 48 ನಿಮಿಷ, 45 ಸೆಕೆಂಡು ಬೇಕು. ಕ್ರಿಸ್ತಪೂರ್ವ 45ರಲ್ಲಿ ರೋಮಿನ ಜೂಲಿಯಸ್ ಸೀಸರ್ ಹೊಸ ಕ್ಯಾಲೆಂಡರ್ ಜಾರಿಗೆ ತಂದಾಗ ಮಿಕ್ಕ ಸಮಯವನ್ನು ಸರಿಯಾಗಿ ಆರು ಗಂಟೆ ಎಂದು ಹಿಡಿಯಲಾಯಿತು. ಆರು ಗಂಟೆ ನಾಲ್ಕು ಸಲ ಕೂಡಿದರೆ ಒಂದು ದಿನವಾಗುತ್ತದೆ, ಅದನ್ನು ಫೆಬ್ರವರಿಗೆ ಸೇರಿಸಿದರಾಯಿತು. ಅಷ್ಟು ಸರಳವಾಗಿತ್ತು ವ್ಯವಸ್ಥೆ. ಆದರೆ ಹೀಗೆ ಪ್ರತಿ ವರ್ಷಕ್ಕೂ ಹನ್ನೊಂದು ನಿಮಿಷ ಚಿಲ್ಲರೆ ಹೆಚ್ಚಾಗಿಯೇ ಕೊಟ್ಟಂತಾಯಿತು. 128 ವರ್ಷಗಳಲ್ಲಿ ಆ ನಿಮಿಷಗಳೇ ಸೇರಿ ಒಂದು ಪೂರ್ತಿ ದಿನವಾಗುತ್ತವೆ.

ಇದು ಮೊದಲು ಕಾಡಿದ್ದು ಕ್ರೈಸ್ತ ಚರ್ಚನ್ನು. ಈಸ್ಟರ್ ಹಬ್ಬದ ಲೆಕ್ಕ ನಿಂತಿರುವುದು ವಸಂತದಲ್ಲಿ ಹಗಲು ರಾತ್ರಿ ಸಮನಾಗುವ ದಿನದ ಮೇಲೆ. ಆ ದಿನವನ್ನು ಚರ್ಚು ಮಾರ್ಚ್ 21 ಎಂದು ಗೊತ್ತುಮಾಡಿಕೊಂಡಿತ್ತು. ಕ್ರಿ.ಶ. 325ರ ಹೊತ್ತಿಗೆ ಅದು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಹದಿನಾರನೆಯ ಶತಮಾನದಲ್ಲಿ ನೋಡಿದರೆ ಸೂರ್ಯ ಮಾರ್ಚ್ 11ಕ್ಕೇ ಆ ಜಾಗಕ್ಕೆ ಬಂದುಬಿಡುತ್ತಿದ್ದ. ಹತ್ತು ದಿನಗಳ ಅಂತರ! ಕೊನೆಗೆ 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿ ಆ ಹತ್ತು ದಿನಗಳನ್ನು ತೆಗೆದುಹಾಕಿಸಿದರು. ಅಕ್ಟೋಬರ್ 4, ಗುರುವಾರ ಮಲಗಿದವರು ಎದ್ದದ್ದು ಅಕ್ಟೋಬರ್ 15ರ ಶುಕ್ರವಾರ.

ಕೂಡಿಹೋದ ತಪ್ಪನ್ನು ತೆಗೆದರೆ ಸಾಲದು, ಅದು ಮತ್ತೆ ಕೂಡದಂತೆಯೂ ನೋಡಿಕೊಳ್ಳಬೇಕಲ್ಲ. ಆ ದಾರಿ ತೋರಿಸಿದವರು ಇಟಲಿಯ ವೈದ್ಯ ಅಲೋಯ್ಸಿಯಸ್ ಲಿಲಿಯಸ್. 128 ವರ್ಷಕ್ಕೊಂದು ದಿನ ಬಿಡಿ ಎಂದರೆ ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ. 400 ವರ್ಷಗಳಿಗೆ ಲೆಕ್ಕ ಹಾಕಿದರೆ ಬಿಡಬೇಕಾದದ್ದು ಮೂರು ದಿನಕ್ಕಿಂತ ತುಸು ಹೆಚ್ಚು. 400 ವರ್ಷಗಳಲ್ಲಿ ಶತಮಾನದ ವರ್ಷಗಳು ನಾಲ್ಕು ಬರುತ್ತವೆ. ಅವುಗಳಲ್ಲಿ ಮೂರರ ಅಧಿಕ ದಿನ ಕಿತ್ತು, 400ರಿಂದ ಭಾಗವಾಗುವ ಒಂದಕ್ಕೆ ಮಾತ್ರ ಉಳಿಸಿದರೆ ಲೆಕ್ಕ ಕೂಡುತ್ತದೆ. 1700, 1800, 1900 ಮೂರೂ ನಾಲ್ಕರಿಂದ ಭಾಗವಾದರೂ 400ರಿಂದ ಆಗವು. ಆದ್ದರಿಂದ ಅವು ಸಾಮಾನ್ಯ ವರ್ಷಗಳು. 1600 ಮತ್ತು 2000 ಅಧಿಕ ವರ್ಷಗಳು. ಇಷ್ಟೇ ಉಪಾಯದಿಂದ ವರ್ಷಕ್ಕೆ ಹನ್ನೊಂದು ನಿಮಿಷವಿದ್ದ ತಪ್ಪು 27 ಸೆಕೆಂಡಿಗೆ ಇಳಿಯಿತು. ಅದು ಒಂದು ದಿನವಾಗಿ ಬೆಳೆಯಲು ಮೂರು ಸಾವಿರ ವರ್ಷಕ್ಕಿಂತ ಹೆಚ್ಚು ಬೇಕು. ದೂರದರ್ಶಕ ಇನ್ನೂ ಹುಟ್ಟದ ಕಾಲದಲ್ಲಿ ಇಂಥ ಹಗುರವಾದ ಪರಿಹಾರ ಹೊಳೆದದ್ದು ನನಗೆ ದೊಡ್ಡ ಸಾಧನೆಯಾಗಿಯೇ ಕಾಣುತ್ತದೆ. ಲಿಲಿಯಸ್ ಮಾತ್ರ ಅದು ಜಾರಿಗೆ ಬರುವ ಆರು ವರ್ಷ ಮೊದಲೇ ತೀರಿಕೊಂಡಿದ್ದರು.

ಪೋಪರ ಮಾತು ಕೇಳದ ಬ್ರಿಟನ್ ಹೊಸ ಕ್ಯಾಲೆಂಡರಿಗೆ ಬಂದದ್ದು 1752ರಲ್ಲಿ. ಅಷ್ಟರಲ್ಲಿ ಅದು 1700ನ್ನೂ ಅಧಿಕ ವರ್ಷವೆಂದು ಎಣಿಸಿಬಿಟ್ಟಿತ್ತು. ಹಾಗಾಗಿ ಹತ್ತರ ಬದಲು ಹನ್ನೊಂದು ದಿನ ಬಿಡಬೇಕಾಯಿತು. ಇಂಥ ಪ್ರಮಾದ ಇಂದಿನ ಕಂಪ್ಯೂಟರಿನಲ್ಲೂ ಉಳಿದಿದೆ. ವಿಂಡೋಸ್‌ನ ಎಕ್ಸೆಲ್‌ನಲ್ಲಿ 60 ಎಂದು ಬರೆದು ಅದನ್ನು ದಿನಾಂಕದ ರೂಪಕ್ಕೆ ಬದಲಿಸಿ ನೋಡಿ, ಇಲ್ಲದ 1900ರ ಫೆಬ್ರವರಿ 29 ಮೂಡುತ್ತದೆ. ಅದಕ್ಕೂ ಹಿಂದಿನ ಲೋಟಸ್ ಎಂಬ ತಂತ್ರಾಂಶದ ಕಡತಗಳಿಗೆ ಹೊಂದಿಕೊಳ್ಳಲೆಂದು ಆ ತಪ್ಪನ್ನು ತಿಳಿದೇ ಉಳಿಸಿಕೊಂಡರು.

1900ರ ಆ ಬಿಟ್ಟುಹೋದ ದಿನ ನಮ್ಮ ಸಂಕ್ರಾಂತಿಯಲ್ಲೂ ಕಾಣುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಅಂದು ಮಕರ ಸಂಕ್ರಾಂತಿ. ಈಗ ಹಬ್ಬ ಬರುವುದು 14 ಅಥವಾ 15ಕ್ಕೆ. ಪಂಚಾಂಗವು ಸೂರ್ಯನನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಎಣಿಸುತ್ತದೆ, ಆ ವರ್ಷ 365 ದಿನ 6 ಗಂಟೆಗಿಂತ ಸುಮಾರು ಒಂಬತ್ತು ನಿಮಿಷ ಉದ್ದ. 160 ವರ್ಷಗಳಲ್ಲಿ ಆ ಒಂಬತ್ತು ನಿಮಿಷಗಳು ಹಬ್ಬವನ್ನು ಒಂದು ದಿನ ಮುಂದೆ ತಳ್ಳಿದವು. ಇನ್ನೊಂದು ದಿನ ತಳ್ಳಿದ್ದು 1900ರಲ್ಲಿ ಬಾರದೆ ಹೋದ ಫೆಬ್ರವರಿ 29. 2100ರಲ್ಲೂ ಅದು ಬರುವುದಿಲ್ಲವಾದ್ದರಿಂದ, 2101ರಿಂದ ಸಂಕ್ರಾಂತಿ ಜನವರಿ 15 ಇಲ್ಲವೇ 16ಕ್ಕೆ ಬೀಳುತ್ತದೆ.