ಕಿಗ್ಗದ ಋಷ್ಯಶೃಂಗೇಶ್ವರ: ಒಂದು ದೇವನಾಮದ ಸಮಾಸವಿಚಾರ

ಶೃಂಗೇರಿಯಿಂದ ಸುಮಾರು 10 ಕಿಲೋಮೀಟರ್ ದೂರದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ದೇವಾಲಯವಿದೆ. ಮಳೆ ತಡೆದಾಗ ಮಲೆನಾಡಿನ ಜನರು ಈ ದೇವರಲ್ಲಿ ಮಳೆಯನ್ನು ಬೇಡುವುದು ಪ್ರಸಿದ್ಧವಾದ ಸಂಗತಿ. ಹೀಗೆ ಬೇಡಿಸಿಕೊಳ್ಳುವವನು ಯಾರು? ಋಷ್ಯಶೃಂಗ ಮುನಿಯು ಆರಾಧಿಸಿದ ಶಿವನೋ, ಶಿವನೆನಿಸಿಕೊಂಡ ಆ ಮುನಿಯೋ? ಉತ್ತರವನ್ನು ಹುಡುಕಬೇಕಾದರೆ ಮೊದಲು ಹೆಸರನ್ನೇ ಬಿಡಿಸಬೇಕು. ಇದರಲ್ಲಿ ಒಂದರೊಳಗೊಂದಾಗಿ ಎರಡು ಸಮಾಸಗಳು ಅಡಗಿವೆ.

ಒಳಗಿನದು ‘ಋಷ್ಯಶೃಂಗ’. ‘ಋಷ್ಯ’ವೆಂದರೆ ಜಿಂಕೆಯ ಜಾತಿಯ ಒಂದು ಮೃಗ, ‘ಶೃಂಗ’ವೆಂದರೆ ಕೊಂಬು. ‘ಋಷ್ಯಸ್ಯ ಶೃಂಗಮ್’ ಎಂದು ಬಿಡಿಸಿದರೆ ಷಷ್ಠೀ ತತ್ಪುರುಷ. ಆಗ ಉತ್ತರಪದದ ಅರ್ಥವೇ ಪ್ರಧಾನವಾಗಿ, ಶಬ್ದವು ಒಂದು ಕೊಂಬನ್ನು ಮಾತ್ರ ಹೇಳುತ್ತದೆ. ‘ಋಷ್ಯಸ್ಯ ಶೃಂಗಮಿವ ಶೃಂಗಂ ಯಸ್ಯ ಸಃ’ ಎಂದು ಬಿಡಿಸಿದರೆ ಬಹುವ್ರೀಹಿ. ಆಗ ಮೃಗವೂ ಅಲ್ಲ, ಕೊಂಬೂ ಅಲ್ಲ, ಅಂಥ ಕೊಂಬುಳ್ಳ ಮೂರನೆಯವನೊಬ್ಬನು ತೋರುತ್ತಾನೆ. ಇವೆರಡರಲ್ಲಿ ಯಾವುದೆಂದು ಊಹಿಸಬೇಕಾಗಿಲ್ಲ, ಲಿಂಗವೇ ಅದನ್ನು ಹೇಳುತ್ತದೆ. ತತ್ಪುರುಷವು ಉತ್ತರಪದದ ಲಿಂಗವನ್ನು ತಾಳುತ್ತದೆ. ‘ಶೃಂಗ’ ಶಬ್ದವು ನಪುಂಸಕವಾದುದರಿಂದ ‘ಋಷ್ಯಶೃಂಗಮ್’ ಎಂದಾಗಬೇಕಿತ್ತು. ಗ್ರಂಥಗಳಲ್ಲಿ ಕಾಣುವುದು ‘ಋಷ್ಯಶೃಂಗಃ’ ಎಂಬ ಪುಲ್ಲಿಂಗ. ಬಹುವ್ರೀಹಿಯು ತಾನು ವಿಶೇಷಿಸುವ ವ್ಯಕ್ತಿಯ ಲಿಂಗವನ್ನು ಪಡೆಯುತ್ತದೆ. ಮಹಾಭಾರತದ ವನಪರ್ವವೂ ಮುನಿಯ ತಲೆಯಲ್ಲಿ ಕೊಂಬಿದ್ದುದರಿಂದಲೇ ಈ ಹೆಸರು ಬಂದಿತೆಂದು ಹೇಳುತ್ತದೆ.

ಶೃಂಗೇರಿಯ ಹೆಸರನ್ನು ವಿವರಿಸುವವರು ಇಲ್ಲಿಯೇ ಎಡವುವುದುಂಟು. ಪರಂಪರೆಯು ಅದನ್ನು ‘ಋಷ್ಯಶೃಂಗಗಿರಿ’ ಎಂದು ತಿಳಿಯುತ್ತದೆ, ಎಂದರೆ ಆ ಮುನಿಯ ಗಿರಿ. ಮೊದಲ ಪದವನ್ನು ಬಿಟ್ಟು ‘ಶೃಂಗಗಿರಿ’ ಎಂದಷ್ಟೇ ಉಳಿದಾಗ, ‘ಶೃಂಗ’ಕ್ಕೆ ಶಿಖರವೆಂಬ ಅರ್ಥವೂ ಇರುವುದರಿಂದ, ಶಿಖರವುಳ್ಳ ಬೆಟ್ಟವೆಂದು ಹೇಳಿ ಮುನಿಯನ್ನೇ ಮರೆತುಬಿಡಬಹುದು.

ಹೊರಗಿನ ಸಮಾಸ ‘ಋಷ್ಯಶೃಂಗೇಶ್ವರ’. ಇಲ್ಲಿ ಲಿಂಗದ ಪರೀಕ್ಷೆಯು ನಡೆಯದು. ‘ಈಶ್ವರ’ವೂ ಪುಲ್ಲಿಂಗ, ದೇವರೂ ಪುಲ್ಲಿಂಗ. ವೇದದಲ್ಲಾದರೆ ಸ್ವರವು ನೆರವಾಗುತ್ತದೆ. ತತ್ಪುರುಷದಲ್ಲಿ ಸಾಮಾನ್ಯವಾಗಿ ಕಡೆಯ ಅಕ್ಷರವು ಉದಾತ್ತ; ಬಹುವ್ರೀಹಿಯಲ್ಲಿ ಪೂರ್ವಪದದ ಸ್ವರವೇ ಉಳಿಯುತ್ತದೆ. ‘ಇಂದ್ರಶತ್ರು’ವಿನಲ್ಲಿ ಸ್ವರ ತಪ್ಪಿದುದರಿಂದ ತ್ವಷ್ಟೃವು ಬಯಸಿದ ‘ಇಂದ್ರನನ್ನು ಕೊಲ್ಲುವವನು’ ಹೋಗಿ ‘ಇಂದ್ರನೇ ಕೊಲೆಗಾರನಾಗಿ ಉಳ್ಳವನು’ ಹುಟ್ಟಿದ ಕಥೆಯನ್ನು ಪತಂಜಲಿಯೂ ಉದಾಹರಿಸುತ್ತಾನೆ. ಶಿಲಾಶಾಸನಗಳಲ್ಲಿಯಾಗಲಿ ಊರಿನ ಮಾತಿನಲ್ಲಿಯಾಗಲಿ ಸ್ವರದ ಗುರುತಿಲ್ಲ. ಉಳಿಯುವುದು ಅರ್ಥವೊಂದೇ.

ಬಹುವ್ರೀಹಿಯನ್ನು ಮೊದಲು ಪರೀಕ್ಷಿಸೋಣ: ‘ಋಷ್ಯಶೃಂಗಃ ಈಶ್ವರಃ ಯಸ್ಯ’, ಋಷ್ಯಶೃಂಗನನ್ನು ಒಡೆಯನಾಗಿ ಉಳ್ಳವನು. ಇದು ಭಕ್ತನಿಗೆ ಹೊಂದುತ್ತದೆ, ಗರ್ಭಗುಡಿಯ ಲಿಂಗಕ್ಕೆ ಹೊಂದದು. ‘ರಾಮೇಶ್ವರ’ದಲ್ಲಿ ಮಾತ್ರ ಸ್ಥಿತಿ ಬೇರೆ. ರಾಮನು ತತ್ಪುರುಷವನ್ನು ಹಿಡಿದು ಶಿವನನ್ನು ತನ್ನ ಈಶ್ವರನೆಂದನು, ಶಿವನು ಬಹುವ್ರೀಹಿಯನ್ನು ಹಿಡಿದು ರಾಮನೇ ತನ್ನ ಈಶ್ವರನೆಂದನು ಎಂಬ ಪಂಡಿತರ ಚಮತ್ಕಾರವು, ಇಬ್ಬರೂ ಪೂಜ್ಯರಾದುದರಿಂದ, ಅಲ್ಲಿ ಸಲ್ಲುತ್ತದೆ.

ಬಹುವ್ರೀಹಿಯು ಬಿದ್ದುಹೋದ ಮೇಲೆ ಕಿಗ್ಗದಲ್ಲಿ ನಿಜವಾದ ಸ್ಪರ್ಧೆಯಿರುವುದು ತತ್ಪುರುಷದ ಒಳಗೇ. ಷಷ್ಠೀ ತತ್ಪುರುಷವಾದರೆ ಋಷ್ಯಶೃಂಗನ ಈಶ್ವರ. ತತ್ಪುರುಷದ್ದೇ ಒಂದು ಭೇದವಾದ ಕರ್ಮಧಾರಯವಾದರೆ ಋಷ್ಯಶೃಂಗನೇ ಆದ ಈಶ್ವರ. ಮುನಿಯು ಲಿಂಗದಲ್ಲಿ ಐಕ್ಯನಾದನೆಂಬ ಸ್ಥಳದ ನಂಬಿಕೆಯು ಎರಡನೆಯದಕ್ಕೆ ಅನುಕೂಲ. ಮಳೆಯ ಬೇಡಿಕೆಯೂ ಹಾಗೆಯೇ. ರೋಮಪಾದನ ಅಂಗದೇಶಕ್ಕೆ ಮಳೆ ಬಂದುದು ಋಷ್ಯಶೃಂಗನು ಅಲ್ಲಿ ಕಾಲಿಟ್ಟುದರಿಂದ ಎಂಬುದು ರಾಮಾಯಣ, ಮಹಾಭಾರತಗಳೆರಡರ ಕಥೆ; ಅದೇ ಶಕ್ತಿಯನ್ನು ಜನರು ಇಲ್ಲಿ ಕರೆಯುತ್ತಾರೆ. ಆದುದರಿಂದ ಇಂದಿನ ಭಕ್ತರ ಅರ್ಥವು ಕರ್ಮಧಾರಯವೆಂದು ನಾವು ಭಾವಿಸುತ್ತೇವೆ.

ಆದರೆ ಹೆಸರಿಟ್ಟವರ ಅರ್ಥವೂ ಅದೇ ಆಗಿತ್ತೆಂದು ಇದರಿಂದ ಸಿದ್ಧವಾಗದು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯಕ್ಕೆ ಶಾಸನಗಳಲ್ಲಿರುವ ಹೆಸರು ಲೋಕೇಶ್ವರ. ‘ಲೋಕದ ಒಡೆಯ’ ಎಂಬ ಅರ್ಥವು ವ್ಯಾಕರಣಕ್ಕೆ ಒಪ್ಪಿದರೂ, ಹೆಸರು ಬಂದುದು ದೇವಾಲಯವನ್ನು ಕಟ್ಟಿಸಿದ ರಾಣಿ ಲೋಕಮಹಾದೇವಿಯಿಂದ. ಅಲ್ಲಿಯ ವಿಜಯೇಶ್ವರವು, ಎಂದರೆ ಇಂದಿನ ಸಂಗಮೇಶ್ವರವು, ಚಾಲುಕ್ಯ ವಿಜಯಾದಿತ್ಯನದು. ಷಷ್ಠಿಯು ಸಂಬಂಧವಿದೆಯೆಂದು ಹೇಳೀತು. ಆರಾಧಿಸಿದವನೋ, ಸ್ಥಾಪಿಸಿದವನೋ ಎಂಬುದನ್ನು ಹೇಳದು. ಹಾಗೆಂದು ಕಿಗ್ಗದಲ್ಲಿ ಪುರಾಣದ ಮುನಿಯನ್ನು ದೇವಾಲಯ ಕಟ್ಟಿಸಿದವನೆಂದು ಬರೆಯುವುದೂ ಸಲ್ಲದು. ನೆರೆಯ ನರಸಿಂಹರಾಜಪುರದ ಹೆಸರನ್ನು ಕೇಳಿದವರು ನರಸಿಂಹ ದೇವರನ್ನು ನೆನೆಯಬಹುದು. ಎಡೇಹಳ್ಳಿಯೆಂದಿದ್ದ ಆ ಊರಿಗೆ ಹೆಸರು ಬಂದುದು ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರಿಂದ.