‘45 ಸಾವಿರದವರೆಗೆ ಸಿಗಬಹುದು’ ಎಂದರೆ ಎಷ್ಟು?

ಜವುಳಿ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನೊಬ್ಬ ಮೊನ್ನೆ ನಮ್ಮಲ್ಲಿಗೆ ಬಂದಿದ್ದ. ಸಂಬಳ ತಿಂಗಳಿಗೆ 24 ಸಾವಿರ, ವರ್ಷಕ್ಕೊಮ್ಮೆ ಒಂದು ತಿಂಗಳ ಬೋನಸ್. ಒಟ್ಟು ವರ್ಷಕ್ಕೆ 3,12,000 ರೂಪಾಯಿ. ಈಗ ಒಂದು ಕಾರು ಶೋರೂಮಿನಿಂದ ಕರೆ ಬಂದಿದೆ. ಅಲ್ಲಿ ಸಂಬಳ 9 ಸಾವಿರ, ಮಾರಿದ ಪ್ರತಿ ಕಾರಿಗೆ 3 ಸಾವಿರ ಕಮಿಷನ್.

“ತಿಂಗಳಿಗೆ 45 ಸಾವಿರದವರೆಗೆ ಸಿಗುತ್ತದಂತೆ ಉಸ್ತಾದರೇ, ಹೋಗಲಾ?”

45 ಸಾವಿರ ಸಿಗಬೇಕಾದರೆ ತಿಂಗಳಿಗೆ 12 ಕಾರು ಮಾರಬೇಕು. ಅದನ್ನು ಎಷ್ಟು ಮಂದಿ ಮಾರುತ್ತಾರೆ ಎಂದು ನಾವು ಕೇಳಿದೆವು. ಅವನು ವಿಚಾರಿಸಿದ್ದ, ಆದರೆ ಈಗ ಅಲ್ಲಿರುವವರನ್ನು ಮಾತ್ರ. ಅವರೆಲ್ಲ ಚೆನ್ನಾಗಿದೆ ಅಂದರು. ಹೇಳದೆ ಏನು ಮಾಡುತ್ತಾರೆ, ಚೆನ್ನಾಗಿ ಆಗದವರು ಬಿಟ್ಟು ಹೋಗಿದ್ದಾರಲ್ಲ! ಬಿಟ್ಟವರನ್ನೂ ಹುಡುಕಿ ಕೇಳಲು ಹೇಳಿ ಕಳುಹಿಸಿದೆವು.

ವಾರ ಬಿಟ್ಟು ಲೆಕ್ಕ ತಂದ. ಇತ್ತೀಚೆಗೆ ಸೇರಿದ 10 ಮಂದಿಯಲ್ಲಿ ಮೂವರು ತಿಂಗಳಿಗೆ ಸರಾಸರಿ 12 ಕಾರು ಮಾರುತ್ತಾರೆ. ನಾಲ್ವರು 6. ಉಳಿದ ಮೂವರಿಗೆ 2ರ ಮೇಲೆ ಏರಲಿಲ್ಲ, ಕೆಲಸ ಬಿಟ್ಟರು. ಆಟಿ ತಿಂಗಳ ಮಳೆಗೆ ಶೋರೂಮಿನತ್ತ ಯಾರೂ ಬರುವುದಿಲ್ಲ ಎಂದು ಅವರಲ್ಲೊಬ್ಬ ಹೇಳಿದನಂತೆ.

ವರ್ಷವಿಡೀ ಹೀಗೇ ನಡೆದರೆ ಮೊದಲನೆಯವರಿಗೆ 5,40,000, ನಡುವಿನವರಿಗೆ 3,24,000, ಕೊನೆಯವರಿಗೆ 1,80,000. ಇವನ್ನು ಕೂಡಿ ಮೂರರಿಂದ ಭಾಗಿಸಿದರೆ ತಪ್ಪಾಗುತ್ತದೆ. ಯಾವುದು ಎಷ್ಟು ಮಂದಿಗೆ ಆಯಿತೋ ಅಷ್ಟು ತೂಕ ಅದಕ್ಕೆ ಕೊಡಬೇಕು. 5,40,000ದ ಹತ್ತರಲ್ಲಿ ಮೂರು ಪಾಲು 1,62,000. 3,24,000ದ ಹತ್ತರಲ್ಲಿ ನಾಲ್ಕು ಪಾಲು 1,29,600. 1,80,000ದ ಹತ್ತರಲ್ಲಿ ಮೂರು ಪಾಲು 54,000. ಕೂಡಿದರೆ 3,45,600. ಗಿರಾಕಿಗಳ ಮನೆಗೆ ಅಲೆಯುವ ಪೆಟ್ರೋಲು, ಫೋನು ಅವನದೇ ಖರ್ಚು. ತಿಂಗಳಿಗೆ 2,500ರಂತೆ 30,000 ಕಳೆದರೆ ಉಳಿಯುವುದು 3,15,600.

ಈಗಿನದಕ್ಕಿಂತ ತಿಂಗಳಿಗೆ 300 ರೂಪಾಯಿ ಹೆಚ್ಚು, ಅಷ್ಟೆ. ಹುಡುಗ ಸುಮ್ಮನಾದ.

ಆ 3,15,600 ಕೂಡ ಯಾರ ಕೈಗೂ ಬರುವ ಹಣ ಅಲ್ಲ. ಬರುವುದು ಮೂರರಲ್ಲೊಂದು. ಕೊನೆಯದು ಬಂದರೆ ಖರ್ಚು ಕಳೆದು ತಿಂಗಳಿಗೆ 12,500. ಅವನ ಮನೆ ಬಾಡಿಗೆಯೇ 7 ಸಾವಿರ. ಮೇಲಾಗಿ 10 ಮಂದಿಯ ಲೆಕ್ಕ ಗಟ್ಟಿಯೂ ಅಲ್ಲ. ಮೂವರ ಬದಲು ಇಬ್ಬರೇ ಗೆದ್ದು, ಇನ್ನೊಬ್ಬ ನಡುವಿಗೆ ಇಳಿದನೆಂದು ಇಟ್ಟುಕೊಳ್ಳಿ. ಒಟ್ಟು 2,94,000ಕ್ಕೆ ಬರುತ್ತದೆ, ಈಗಿನ ಸಂಬಳಕ್ಕಿಂತ 18,000 ಕಡಿಮೆ.

ಹೋಗಬೇಡ ಅಂತ ನಾವು ಹೇಳಲಿಲ್ಲ. ಗಿರಾಕಿಯನ್ನು ಮಾತಾಡಿಸುವ ಕಲೆ ಅವನಲ್ಲಿದೆ, ಆ ಮೂವರಲ್ಲಿ ಒಬ್ಬನಾಗಲೂಬಹುದು. ಆದರೆ ಮೊದಲ ಆರು ತಿಂಗಳು ಸಂಬಳ 14 ಸಾವಿರ ಕೊಡುತ್ತಾರಾ ಕೇಳು ಅಂದೆವು. ಹೆಚ್ಚುವರಿ 30,000 ಗೆದ್ದರೂ ಸೋತರೂ ಸಿಗುತ್ತದೆ, ಖರ್ಚಿಗೆ ಸರಿಹೋಗುತ್ತದೆ. ಬುಕ್ಕಿಂಗ್ ರದ್ದಾದರೆ ಕೊಟ್ಟ ಕಮಿಷನ್ ವಾಪಸ್ ಹಿಡಿಯುತ್ತಾರಾ ಎಂಬುದನ್ನೂ ಕೇಳಬೇಕು.

ಶೋರೂಮಿನವರು ನಾಲ್ಕು ತಿಂಗಳಿಗೆ ಒಪ್ಪಿದ್ದಾರಂತೆ. ಬರೆದು ಕೊಡಿ ಎಂದು ಕೇಳಲು ನಿನ್ನೆ ಹೋಗಿದ್ದಾನೆ.